ಫ್ರಾಂಚೈಸಿ ಜಾಯಿನಿಂಗ್ ಫೀ ಮತ್ತು ರಾಯಲ್ಟಿ: ಬ್ರ್ಯಾಂಡ್ ಮಾಲೀಕರು ಆದಾಯವನ್ನ ಯಾವಾಗ, ಎಷ್ಟು ತೋರಿಸ್ಬೇಕು?

ಪ್ರತಿ ಸಲ ಮಾರ್ಚ್ ಮುಗೀತಿದ್ದ ಹಾಗೆ ಇದೇ ಪ್ರಶ್ನೆ ಬರತ್ತೆ. "ಸರ್, ಹೊಸ ಔಟ್‌ಲೆಟ್‌ಗೆ ಅಂತ ಪಾರ್ಟಿ ಒಂಬತ್ತು ಲಕ್ಷ ಕೊಟ್ಟಿದಾರೆ, ಅಗ್ರಿಮೆಂಟ್‌ನಲ್ಲಿ ವಾಪಸ್ ಕೊಡಲ್ಲ ಅಂತ ಸ್ಪಷ್ಟವಾಗಿ ಬರೆದಿದೆ, ಜಿಎಸ್‌ಟಿನೂ ಕಟ್ಟಿದೀವಿ, ಆದ್ರೂ ಆಡಿಟರ್ ಇದನ್ನ ಈ ವರ್ಷದ ಆದಾಯ ಅಂತ ಒಪ್ತಿಲ್ಲ, ಯಾಕೆ?" ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡೋ ಬದಲು ಒಂದೇ ಕಡೆ ಪೂರ್ತಿ ಬರೆದುಬಿಡೋಣ ಅಂತ ಕೂತಿದೀನಿ. ಬ್ರ್ಯಾಂಡ್ ಕೊಡೋರ ಕಡೆಯ ಲೆಕ್ಕ ಮಾತ್ರ ಇಲ್ಲಿದೆ, ತಗೊಳ್ಳೋರ ಕಡೆಯದ್ದು ಬೇರೆನೇ ವಿಷಯ.

ಮೊದಲು ಎರಡು ಹೆಸರು ಗೊಂದಲ ಆಗ್ದೇ ಇರ್ಲಿ. ಬ್ರ್ಯಾಂಡ್ ಯಾರದ್ದೋ ಅವರು ಫ್ರಾಂಚೈಸರ್. ಆ ಬ್ರ್ಯಾಂಡ್ ಹೆಸರಲ್ಲಿ ಅಂಗಡಿ ಹಾಕೋರು ಫ್ರಾಂಚೈಸಿ. ಜಾಯಿನಿಂಗ್ ಫೀ ಅಂದ್ರೆ ಶುರುನಲ್ಲಿ ಒಂದೇ ಸಲ ಕೊಡೋ ದುಡ್ಡು, ರಾಯಲ್ಟಿ ಅಂದ್ರೆ ವ್ಯಾಪಾರ ಆದಂಗೆ ತಿಂಗಳು ತಿಂಗಳು ಕೊಡೋ ಪಾಲು.

ಇಲ್ಲಿ ಹೇಳ್ತಿರೋದು ಇಂಡ್ ಎಎಸ್ 115 ಪ್ರಕಾರದ ಲೆಕ್ಕ. ಇದು 2018ರ ಏಪ್ರಿಲ್ 1ರಿಂದ ಜಾರಿಯಲ್ಲಿರೋ ರೆವೆನ್ಯೂ ಸ್ಟ್ಯಾಂಡರ್ಡ್. ಲಿಸ್ಟೆಡ್ ಕಂಪನಿಗಳು, 250 ಕೋಟಿ ಅಥವಾ ಅದಕ್ಕಿಂತ ಜಾಸ್ತಿ ನೆಟ್‌ವರ್ತ್ ಇರೋ ಅನ್‌ಲಿಸ್ಟೆಡ್ ಕಂಪನಿಗಳು, ಅವುಗಳ ಹೋಲ್ಡಿಂಗ್ ಮತ್ತು ಸಬ್ಸಿಡಿಯರಿ ಕಂಪನಿಗಳು ಇದನ್ನ ಪಾಲಿಸ್ಬೇಕು. ಚಿಕ್ಕ ಕಂಪನಿಗಳಿಗೆ ಹಳೇ ಎಎಸ್ 9 ಇದೆ. ಅದರಲ್ಲಿ ರಾಯಲ್ಟಿಯನ್ನ ಅಗ್ರಿಮೆಂಟ್ ಷರತ್ತಿನ ಪ್ರಕಾರ ಅಕ್ರೂಯಲ್ ಮೇಲೆ, ಅಂದ್ರೆ ದುಡ್ಡು ಕೈಗೆ ಬರೋಕೆ ಕಾಯದೆ ಹಕ್ಕು ಹುಟ್ಟಿದಾಗ ತೋರಿಸಿ ಅಂತಿದೆ, ಜಾಯಿನಿಂಗ್ ಫೀ ಬಗ್ಗೆ ಇಷ್ಟು ವಿವರ ಇಲ್ಲ. ನನ್ನ ಅಭಿಪ್ರಾಯದಲ್ಲಿ ಐದು ವರ್ಷದ ಹಕ್ಕಿಗೆ ಕೊಟ್ಟ ದುಡ್ಡನ್ನ ಎಎಸ್ 9ರಲ್ಲೂ ಐದು ವರ್ಷಕ್ಕೆ ಹಂಚೋದೇ ಸರಿ. ನಾಳೆ ಕಂಪನಿ ಬೆಳೆದು ಇಂಡ್ ಎಎಸ್‌ಗೆ ಬಂದಾಗ ಹಳೇ ಲೆಕ್ಕ ಎಲ್ಲಾ ತಿದ್ದೋ ಕೆಲಸವೂ ತಪ್ಪತ್ತೆ.

ಉದಾಹರಣೆಗೆ ಒಂದು ಔಟ್‌ಲೆಟ್

ಲೆಕ್ಕ ತೋರಿಸೋಕೆ ಅಂತಾನೇ ಒಂದು ಕೇಸ್ ತಗೊಳ್ಳೋಣ. ಬೆಂಗಳೂರಿನ ಒಂದು ದರ್ಶಿನಿ ಬ್ರ್ಯಾಂಡ್, ಕಂಪನಿ ಇಂಡ್ ಎಎಸ್‌ನಲ್ಲಿದೆ. ದಾವಣಗೆರೆಯ ಒಂದು ಪಾರ್ಟ್ನರ್‌ಶಿಪ್ ಫರ್ಮ್ ಜೊತೆ 2024ರ ಆಗಸ್ಟ್ 1ಕ್ಕೆ ಅಗ್ರಿಮೆಂಟ್ ಆಯ್ತು. ಅಂಗಡಿ ತೆರೆದದ್ದು ಅಕ್ಟೋಬರ್ 1ಕ್ಕೆ. ಅವಧಿ "ವ್ಯಾಪಾರ ಶುರುವಾದ ದಿನದಿಂದ 5 ವರ್ಷ", ಅಂದ್ರೆ 2029ರ ಸೆಪ್ಟೆಂಬರ್ 30ರ ತನಕ. ಒಟ್ಟು ದುಡ್ಡು 12 ಲಕ್ಷ, ಅದರಲ್ಲಿ ಬ್ರ್ಯಾಂಡ್ ಹಕ್ಕಿಗೆ 9 ಲಕ್ಷ ಸಹಿ ಮಾಡೋ ದಿನ, ಕಾಫಿ ಮಷೀನ್ ಮತ್ತು ಸ್ಟೀಮರ್‌ಗೆ 3 ಲಕ್ಷ ಸಾಮಾನು ತಲುಪಿದಾಗ. ಇದರ ಮೇಲೆ ಪ್ರತಿ ತಿಂಗಳ ನೆಟ್ ಸೇಲ್ಸ್‌ನ 5% ರಾಯಲ್ಟಿ. ಅವಧಿ ಮುಗಿದ ಮೇಲೆ ಮುಂದುವರಿಸ್ಬೇಕು ಅಂದ್ರೆ ಆವತ್ತಿನ ಹೊಸ ಫ್ರಾಂಚೈಸಿಗಳು ಕೊಡೋ ಫೀನೇ ಪೂರ್ತಿ ಕೊಡ್ಬೇಕು.

ಕೆಲಸ ಶುರು ಮಾಡೋ ಮುಂಚೆ ಟೇಬಲ್ ಮೇಲೆ ಇರ್ಬೇಕಾದ್ದು ಇಷ್ಟು: ಸಹಿ ಆದ ಅಗ್ರಿಮೆಂಟ್ ಅನುಬಂಧಗಳ ಸಮೇತ, ಅಂಗಡಿ ತೆರೆದ ದಿನಕ್ಕೆ ಏನಾದ್ರೂ ದಾಖಲೆ (ಮೊದಲ ಬಿಲ್ ಸಾಕು), ಮಷೀನ್ ತಲುಪಿದ ಡೆಲಿವರಿ ಚಲನ್, ತಿಂಗಳ ಸೇಲ್ಸ್ ರಿಪೋರ್ಟ್, ಮತ್ತೆ ಬೇರೆ ಒಂದೆರಡು ಫ್ರಾಂಚೈಸಿಗಳ ಅಗ್ರಿಮೆಂಟ್, ಇದು ಯಾಕೆ ಅಂತ ಎರಡನೇ ಹಂತದಲ್ಲಿ ಹೇಳ್ತೀನಿ.

ಹಂತ 1: ಈ ದುಡ್ಡಿಗೆ ನೀವು ಏನೇನು ಕೊಡ್ತಿದೀರ ಅಂತ ಬೇರ್ಪಡಿಸಿ

ಎಲ್ಲಾ ತಪ್ಪುಗಳೂ ಹುಟ್ಟೋದು ಇಲ್ಲೇ. ಅಗ್ರಿಮೆಂಟ್ ತೆಗೆದು ನೋಡಿದ್ರೆ ಫ್ರಾಂಚೈಸರ್ ಮಾಡೋ ಕೆಲಸಗಳ ಉದ್ದ ಪಟ್ಟಿ ಇರತ್ತೆ, ಜಾಗ ಹುಡುಕೋಕೆ ಸಹಾಯ, ಒಳಾಂಗಣದ ಡಿಸೈನ್, ಅಡುಗೆಯವರಿಗೆ ಹದಿನೈದು ದಿನ ಟ್ರೈನಿಂಗ್, ರೆಸಿಪಿ ಪುಸ್ತಕ, ಉದ್ಘಾಟನೆ ದಿನ ಒಬ್ಬ ಸೂಪರ್‌ವೈಸರ್ ಹೀಗೆ. ಇದನ್ನ ನೋಡಿ ತುಂಬಾ ಜನ "ಅಂಗಡಿ ತೆರೆಯೋ ಹೊತ್ತಿಗೆ ನಮ್ಮ ಕೆಲಸ ಎಲ್ಲಾ ಮುಗೀತಲ್ಲ, ಹಾಗಾಗಿ ಫೀ ಪೂರ್ತಿ ಆದಾಯ" ಅಂತ ತೀರ್ಮಾನ ಮಾಡ್ತಾರೆ.

ಸ್ಟ್ಯಾಂಡರ್ಡ್ ಕೇಳೋ ಪ್ರಶ್ನೆ ಬೇರೆ. ಈ ಒಂದೊಂದು ಕೆಲಸವೂ ಫ್ರಾಂಚೈಸಿಗೆ ಬ್ರ್ಯಾಂಡ್ ಬಿಟ್ಟು ತನ್ನಷ್ಟಕ್ಕೆ ತಾನೇ ಉಪಯೋಗಕ್ಕೆ ಬರತ್ತಾ? ಬಂದ್ರೆ ಅದು ಪ್ರತ್ಯೇಕ ಪರ್ಫಾರ್ಮೆನ್ಸ್ ಆಬ್ಲಿಗೇಷನ್, ಅಂದ್ರೆ ಪ್ರತ್ಯೇಕವಾಗಿ ಆದಾಯ ತೋರಿಸ್ಬಹುದಾದ ಒಂದು ಭರವಸೆ. ಬರ್ದೇ ಇದ್ರೆ ಅದು ಬ್ರ್ಯಾಂಡ್ ಹಕ್ಕಿನ ಭಾಗ ಅಷ್ಟೇ, ಅದಕ್ಕೆ ಬೇರೆ ಆದಾಯ ಇಲ್ಲ.

ನಮ್ಮ ಕೇಸ್‌ಗೆ ಹಾಕಿ ನೋಡಿ. ನಿಮ್ಮ ಬ್ರ್ಯಾಂಡ್‌ನ ಸಾಂಬಾರ್ ಹದ, ನಿಮ್ಮ ಬಿಲ್ಲಿಂಗ್ ಪದ್ಧತಿ, ನಿಮ್ಮ ಕೌಂಟರ್ ಹೇಗಿರ್ಬೇಕು ಅನ್ನೋ ಟ್ರೈನಿಂಗ್ ನಿಮ್ಮ ಬೋರ್ಡ್ ಇಲ್ದೇ ಇದ್ರೆ ಆ ಫರ್ಮ್‌ಗೆ ಯಾವ ಕೆಲಸಕ್ಕೂ ಬರಲ್ಲ, ಹಾಗಾಗಿ ಅದು ಬ್ರ್ಯಾಂಡ್ ಹಕ್ಕಿನ ಜೊತೆಗೇ ಹೋಗತ್ತೆ. ಜಾಗ ನೋಡಿದ್ದು, ಡಿಸೈನ್ ಕೊಟ್ಟಿದ್ದು ಕೂಡ ಹಾಗೇ. ಕಾಫಿ ಮಷೀನ್ ಬೇರೆ. ಅದನ್ನ ಮಾರ್ಕೆಟ್‌ನಲ್ಲಿ ಯಾರ ಹತ್ರ ಬೇಕಾದ್ರೂ ತಗೋಬಹುದು, ನಾಳೆ ನಿಮ್ಮ ಬೋರ್ಡ್ ಕಿತ್ತು ಹಾಕಿ ತಮ್ಮದೇ ಹೋಟೆಲ್ ಮಾಡಿದ್ರೂ ಅದು ಕಾಫಿ ಕೊಡ್ತಾನೇ ಇರತ್ತೆ, ಸೋ ಅದು ಪ್ರತ್ಯೇಕ.

ಟ್ರೈನಿಂಗ್‌ನಲ್ಲೂ ಒಂದು ಭಾಗ ಪ್ರತ್ಯೇಕ ಆಗೋ ಸಾಧ್ಯತೆ ಇದೆ. ಆಹಾರ ಸುರಕ್ಷತೆ ಬಗ್ಗೆ ಎಫ್‌ಎಸ್‌ಎಸ್‌ಎಐನ ಫೋಸ್ಟ್ಯಾಕ್ ಸರ್ಟಿಫಿಕೇಟ್ ಟ್ರೈನಿಂಗ್ ಥರದ್ದನ್ನ ನೀವೇ ಕೊಡಿಸಿದ್ರೆ ಅದು ಯಾವ ಹೋಟೆಲ್‌ನಲ್ಲಾದ್ರೂ ಬೆಲೆ ಇರೋ ಕಲಿಕೆ, ಹೊರಗೂ ಸಿಗತ್ತೆ. ಅಂಥದ್ದಕ್ಕೆ ಮಾತ್ರ ಸ್ವಲ್ಪ ಮೊತ್ತ ಬೇರೆ ತೆಗೀಬಹುದು. ನಮ್ಮ ಕೇಸ್‌ನಲ್ಲಿ ಅದಿಲ್ಲ ಅಂತ ಇಟ್ಕೊಳ್ಳೋಣ.

ಇಲ್ಲಿ ಒಂದು ಎಚ್ಚರಿಕೆ. ಇಂಟರ್ನೆಟ್‌ನಲ್ಲಿ ಸಿಗೋ ಅಮೆರಿಕದ ಲೇಖನಗಳಲ್ಲಿ ಅಂಗಡಿ ತೆರೆಯೋ ಮುಂಚಿನ ಕೆಲಸಗಳನ್ನ ಪ್ರತ್ಯೇಕ ಅಂತ ತೋರಿಸೋ ಸುಲಭದ ಆಯ್ಕೆ ಇದೆ ಅಂತ ಬರೆದಿರತ್ತೆ. ಅದು 2021ರಲ್ಲಿ ಅಲ್ಲಿನ ಪ್ರೈವೇಟ್ ಫ್ರಾಂಚೈಸರ್‌ಗಳಿಗೆ ಅಂತಲೇ ಕೊಟ್ಟ ವಿನಾಯಿತಿ. ನಮ್ಮ ಇಂಡ್ ಎಎಸ್‌ನಲ್ಲಿ ಅಂಥದ್ದು ಇಲ್ಲ, ಅದನ್ನ ನೋಡಿ ಪಾಲಿಸಿ ಬರೀಬೇಡಿ.

ಹಂತ 2: ಮೊತ್ತ ಹಂಚಿ, ಅನುಬಂಧದ ಅಂಕಿಯನ್ನ ಕಣ್ಣು ಮುಚ್ಚಿ ನಂಬ್ಬೇಡಿ

ಅಗ್ರಿಮೆಂಟ್‌ನಲ್ಲಿ 9 ಮತ್ತು 3 ಅಂತ ಬರೆದಿದೆ ಅಂದ ಮಾತ್ರಕ್ಕೆ ಹಾಗೇ ತಗೊಳ್ಳೋ ಹಾಗಿಲ್ಲ. ಸ್ಟ್ಯಾಂಡ್‌ಅಲೋನ್ ಸೆಲ್ಲಿಂಗ್ ಪ್ರೈಸ್, ಅಂದ್ರೆ ಅದನ್ನೊಂದನ್ನೇ ಬೇರೆಯಾಗಿ ಮಾರಿದ್ರೆ ಎಷ್ಟಕ್ಕೆ ಹೋಗ್ತಿತ್ತು ಅನ್ನೋ ಬೆಲೆಯ ಅನುಪಾತದಲ್ಲಿ ಹಂಚ್ಬೇಕು. ಬೇರೆ ಫ್ರಾಂಚೈಸಿಗಳ ಅಗ್ರಿಮೆಂಟ್ ಬೇಕು ಅಂದಿದ್ದು ಇದಕ್ಕೇ. ಮಷೀನ್ ತಾವೇ ತಂದ್ಕೊಂಡ ಬೇರೆ ಊರಿನ ಫ್ರಾಂಚೈಸಿಗಳು 9 ಲಕ್ಷ ಮತ್ತು ಅದೇ 5% ರಾಯಲ್ಟಿ ಕೊಟ್ಟಿದಾರೆ, ಅದೇ ಮಷೀನ್ ಸೆಟ್‌ಗೆ ಡೀಲರ್ ಕೊಟೇಷನ್ 3 ಲಕ್ಷ ಇದೆ ಅಂದ್ರೆ ನಮ್ಮ ಹಂಚಿಕೆ ಗಟ್ಟಿ.

ಅದೇ ಅನುಬಂಧದಲ್ಲಿ ಮಷೀನ್‌ಗೆ 7 ಲಕ್ಷ, ಬ್ರ್ಯಾಂಡ್‌ಗೆ 5 ಲಕ್ಷ ಅಂತ ಬರೆಸಿದ್ರೆ ಮೊದಲ ವರ್ಷವೇ 7 ಲಕ್ಷ ಆದಾಯ ಕಾಣ್ಸತ್ತೆ. ಆದ್ರೆ 3 ಲಕ್ಷದ ಕೊಟೇಷನ್ ಆಡಿಟರ್ ಕೈಗೆ ಸಿಕ್ಕ ದಿನ ಅದು ನಿಲ್ಲಲ್ಲ. ಹಾಗೇನೇ ಬ್ರೇಕಪ್ಪೇ ಇಲ್ದೆ "ಒಟ್ಟು 12 ಲಕ್ಷ" ಅಂತ ಒಂದೇ ಇನ್‌ವಾಯ್ಸ್ ಹಾಕೋದೂ ತಪ್ಪಿಸಿ, ಯಾಕಂದ್ರೆ ಆಗ ಎದುರು ಪಾರ್ಟಿ ಮಷೀನ್ ದುಡ್ಡಿನ ಮೇಲೂ ಸೇರಿಸಿ ರಾಯಲ್ಟಿ ಟಿಡಿಎಸ್ ಹಿಡಿದುಬಿಡ್ತಾರೆ.

ಹಂತ 3: ಬ್ರ್ಯಾಂಡ್ ಹಕ್ಕು ಒಂದೇ ಸಲಕ್ಕೆ ಕೊಟ್ಟಿದ್ದಾ, ಅವಧಿ ಉದ್ದಕ್ಕೂ ಕೊಡ್ತಿರೋದಾ?

ಲೈಸೆನ್ಸ್‌ನಲ್ಲಿ ಎರಡು ಥರ ಇದೆ. ಒಂದು, ಇವತ್ತು ಹೇಗಿದೆಯೋ ಹಾಗೇ ಕೊಟ್ಟು ಕೈ ತೊಳ್ಕೊಳ್ಳೋದು, ಅದನ್ನ ರೈಟ್ ಟು ಯೂಸ್ ಅಂತಾರೆ, ಆದಾಯ ಒಂದೇ ಸಲ. ಇನ್ನೊಂದು, ಕೊಟ್ಟ ಮೇಲೂ ನೀವು ಅದನ್ನ ಬೆಳೆಸ್ತಾ, ಕಾಪಾಡ್ತಾ ಇರ್ತೀರ, ಅದರ ಒಳ್ಳೇದು ಕೆಟ್ಟದ್ದು ಎರಡೂ ತಗೊಂಡೋರಿಗೆ ನೇರವಾಗಿ ತಟ್ಟತ್ತೆ, ಅದು ರೈಟ್ ಟು ಆ್ಯಕ್ಸೆಸ್, ಆದಾಯ ಅವಧಿ ಉದ್ದಕ್ಕೂ.

ದರ್ಶಿನಿ ಬ್ರ್ಯಾಂಡ್ ಎರಡನೇ ಥರದ್ದು. ನೀವು ಹೊಸ ಮೆನು ತರ್ತೀರ, ಜಾಹೀರಾತು ಮಾಡ್ತೀರ, ಉಳಿದ ಔಟ್‌ಲೆಟ್‌ಗಳ ಶುಚಿ ನೋಡ್ಕೋತೀರ. ಜಯನಗರದ ಔಟ್‌ಲೆಟ್‌ನಲ್ಲಿ ಏನೋ ಎಡವಟ್ಟಾಗಿ ಹೆಸರು ಕೆಟ್ರೆ ದಾವಣಗೆರೆಯ ಕೌಂಟರ್‌ನಲ್ಲೂ ಗಿರಾಕಿ ಕಮ್ಮಿ ಆಗ್ತಾರೆ. ಹಾಗಾಗಿ 9 ಲಕ್ಷ 60 ತಿಂಗಳಿಗೆ ಹಂಚತ್ತೆ, ತಿಂಗಳಿಗೆ 15,000. "ವಾಪಸ್ ಕೊಡಲ್ಲ" ಅನ್ನೋ ಷರತ್ತು ಇದನ್ನ ಬದಲಾಯಿಸಲ್ಲ, ಅದು ದುಡ್ಡು ನಿಮ್ಮದೇ ಅಂತ ಹೇಳತ್ತೆ, ಕೆಲಸ ಮುಗೀತು ಅಂತ ಹೇಳಲ್ಲ.

ಯಾವ ದಿನದಿಂದ ಶುರು? ಸಹಿ ಮಾಡಿದ ದಿನದಿಂದಲೂ ಅಲ್ಲ, ದುಡ್ಡು ಬಂದ ದಿನದಿಂದಲೂ ಅಲ್ಲ, ಫ್ರಾಂಚೈಸಿ ಆ ಹಕ್ಕನ್ನ ಬಳಸಿ ಲಾಭ ಪಡೆಯೋಕೆ ಆಗೋ ದಿನದಿಂದ. ಅಂಗಡಿ ತೆರೆದ ಅಕ್ಟೋಬರ್ 1 ನಮ್ಮ ಶುರು ದಿನ. ಕೆಲವು ಅಗ್ರಿಮೆಂಟ್‌ನಲ್ಲಿ ಐದು ವರ್ಷವನ್ನ ಸಹಿ ದಿನದಿಂದ ಎಣಿಸಿರ್ತಾರೆ, ಆಗ ಮುಗಿಯೋ ದಿನ 2029ರ ಜುಲೈ 31 ಆಗತ್ತೆ, ಅಂಗಡಿ ತೆರೆದದ್ದು ಅಕ್ಟೋಬರ್ ಆದ್ರಿಂದ ಉಳಿಯೋದು 58 ತಿಂಗಳು, ತಿಂಗಳಿಗೆ ಸುಮಾರು 15,517. ಈ ಒಂದು ಸಾಲು ಓದ್ದೇ 60ರಿಂದ ಭಾಗಿಸಿರೋ ಶೀಟ್‌ಗಳನ್ನ ನಾನು ಬೇಕಾದಷ್ಟು ನೋಡಿದೀನಿ.

ಇನ್ನೊಂದು ಸಾಲನ್ನೂ ಕಡ್ಡಾಯ ಓದಿ, ರಿನ್ಯೂವಲ್ ಷರತ್ತು. ನಮ್ಮ ಕೇಸ್‌ನಲ್ಲಿ ಮುಂದುವರಿಸೋಕೆ ಪೂರ್ತಿ ಫೀ ಕೊಡ್ಬೇಕು, ಹಾಗಾಗಿ 5 ವರ್ಷಕ್ಕೇ ಲೆಕ್ಕ ನಿಲ್ಲತ್ತೆ. ಆದ್ರೆ "ಐದು ವರ್ಷದ ನಂತರ ಯಾವ ಫೀನೂ ಇಲ್ದೆ ಇನ್ನೈದು ವರ್ಷ" ಅಂತಿದ್ರೆ, ಹೊಸಬರು ಲಕ್ಷಗಟ್ಟಲೆ ಕೊಡೋ ಜಾಗದಲ್ಲಿ ಇವರಿಗೆ ಬಿಟ್ಟಿ ಸಿಗೋ ಹಾಗಾಯ್ತು. ಅದಕ್ಕೆ ಮೆಟೀರಿಯಲ್ ರೈಟ್ ಅಂತಾರೆ, ಅಂದ್ರೆ ಇವತ್ತು ಕೊಟ್ಟ ದುಡ್ಡಲ್ಲೇ ಮುಂದಿನ ಅವಧಿಯ ರಿಯಾಯಿತಿಗೂ ಒಂದು ಪಾಲು ಕೊಟ್ಟಿದಾರೆ ಅಂತ ಅರ್ಥ. ಆಗ ಜಾಯಿನಿಂಗ್ ಫೀ ಹಂಚೋ ಅವಧಿ ಐದು ವರ್ಷ ದಾಟತ್ತೆ.

ಹಂತ 4: ಎಂಟ್ರಿಗಳು

ಆಗಸ್ಟ್ 1, ಬ್ರ್ಯಾಂಡ್ ಹಕ್ಕಿನ ಇನ್‌ವಾಯ್ಸ್. 9,00,000ಕ್ಕೆ 18% ಜಿಎಸ್‌ಟಿ 1,62,000. ಫರ್ಮ್ 10% ಟಿಡಿಎಸ್ 90,000 ಹಿಡೀತು, ಬ್ಯಾಂಕ್‌ಗೆ ಬಂದಿದ್ದು 9,72,000.

ಬ್ಯಾಂಕ್ ಡೆಬಿಟ್ 9,72,000
ಟಿಡಿಎಸ್ ರಿಸೀವಬಲ್ ಡೆಬಿಟ್ 90,000
ಕಾಂಟ್ರಾಕ್ಟ್ ಲಯಬಿಲಿಟಿ ಕ್ರೆಡಿಟ್ 9,00,000
ಔಟ್‌ಪುಟ್ ಜಿಎಸ್‌ಟಿ ಕ್ರೆಡಿಟ್ 1,62,000

ಕಾಂಟ್ರಾಕ್ಟ್ ಲಯಬಿಲಿಟಿ ಅಂದ್ರೆ ದುಡ್ಡು ಬಂದಿದೆ ಆದ್ರೆ ಕೊಡ್ಬೇಕಾದ್ದು ಇನ್ನೂ ಬಾಕಿ ಇದೆ ಅನ್ನೋ ಹೊಣೆ. ಜಿಎಸ್‌ಟಿ ಸೇರಿಸಿ 10,62,000ವನ್ನ ಅದರಲ್ಲಿ ಹಾಕ್ಬೇಡಿ, ಜಿಎಸ್‌ಟಿ ಸರ್ಕಾರದ ದುಡ್ಡು, ಅದು ಯಾವತ್ತೂ ನಿಮ್ಮ ಆದಾಯ ಆಗಲ್ಲ. ಹಾಗೇ ಬ್ಯಾಂಕ್‌ಗೆ ಬಂದ 9,72,000 ಮಾತ್ರ ನೋಡಿ ಬರೆಯೋದೂ ತಪ್ಪು.

ಸೆಪ್ಟೆಂಬರ್ 20ಕ್ಕೆ ಮಷೀನ್ ಅಂಗಡಿಗೆ ತಲುಪಿ ಫರ್ಮ್ ಕೈಗೆ ಬಂತು. ಆವತ್ತೇ 3,00,000 ಪೂರ್ತಿ ಆದಾಯ, ಮಷೀನ್ ಕೊಂಡ ಖರ್ಚೂ ಆವತ್ತೇ.

ಅಕ್ಟೋಬರ್‌ನಿಂದ ಪ್ರತಿ ತಿಂಗಳ ಕೊನೇಲಿ ಕಾಂಟ್ರಾಕ್ಟ್ ಲಯಬಿಲಿಟಿ ಡೆಬಿಟ್ 15,000, ಫ್ರಾಂಚೈಸಿ ಫೀ ಆದಾಯ ಕ್ರೆಡಿಟ್ 15,000. 2025ರ ಮಾರ್ಚ್ 31ಕ್ಕೆ ಆರು ತಿಂಗಳು, 90,000 ಆದಾಯ. ಉಳಿದ 8,10,000 ಬ್ಯಾಲೆನ್ಸ್ ಶೀಟ್‌ನಲ್ಲಿ ಕೂತಿರತ್ತೆ, ಅದರಲ್ಲಿ ಮುಂದಿನ ಹನ್ನೆರಡು ತಿಂಗಳದ್ದು 1,80,000 ಕರೆಂಟ್, 6,30,000 ನಾನ್ ಕರೆಂಟ್. ಪೂರ್ತಿನೂ ಕರೆಂಟ್‌ನಲ್ಲಿ ಹಾಕಿದ್ರೆ ಬ್ಯಾಂಕ್‌ನೋರು ನೋಡೋ ಕರೆಂಟ್ ರೇಶಿಯೋ ಸುಮ್ನೆ ಕೆಡತ್ತೆ.

ಔಟ್‌ಲೆಟ್ ಹತ್ತಾರು ಇದ್ರೆ ಎಕ್ಸೆಲ್‌ನಲ್ಲಿ ಒಂದು ಸಾಲಿಗೆ ಒಂದು ಔಟ್‌ಲೆಟ್ ಇಡಿ. B ನಲ್ಲಿ ಶುರು ದಿನ, C ನಲ್ಲಿ ಮುಗಿಯೋ ದಿನ, D ನಲ್ಲಿ ಒಟ್ಟು ತಿಂಗಳು, E ನಲ್ಲಿ ಫೀ, H1 ನಲ್ಲಿ ವರ್ಷದ ಕೊನೇ ದಿನ. ಶುರುವಿಂದ ಇಲ್ಲಿ ತನಕ ತೋರಿಸ್ಬೇಕಾದ ಒಟ್ಟು ಆದಾಯ ಹೀಗೆ ಬರತ್ತೆ:

```
=IF(B2>$H$1,0,ROUND(E2/D2*DATEDIF(B2,MIN(C2,$H$1)+1,"m"),0))
```

ನಮ್ಮ ಅಂಕಿ ಹಾಕಿದ್ರೆ 90,000 ಬರತ್ತೆ. ಈ ಫಾರ್ಮುಲಾ ಪೂರ್ತಿ ತಿಂಗಳು ಮಾತ್ರ ಎಣಿಸತ್ತೆ, ಅಂಗಡಿ ಹದಿನೈದನೇ ತಾರೀಖು ತೆರೆದಿದ್ರೆ ಅರ್ಧ ತಿಂಗಳು ಬಿಟ್ಟುಹೋಗತ್ತೆ, ಅಂಥ ಔಟ್‌ಲೆಟ್‌ಗೆ ದಿನದ ಲೆಕ್ಕ ಹಾಕಿ.

ಫ್ರಾಂಚೈಸಿಯನ್ನ ಹುಡುಕಿಕೊಟ್ಟ ಏಜೆಂಟ್‌ಗೆ ಕಮಿಷನ್ ಕೊಟ್ಟಿದ್ರೆ ಅದನ್ನೂ ಮರೀಬೇಡಿ. ಡೀಲ್ ಆಗಿದ್ದಕ್ಕೇ ಕೊಟ್ಟ 1,20,000 ಕಮಿಷನ್ ಅಂದ್ರೆ, ಡೀಲ್ ಆಗ್ದೇ ಇದ್ರೆ ಕೊಡ್ಬೇಕಾಗಿರ್ಲಿಲ್ಲ ಅಂದ್ರೆ, ಅದನ್ನ ಆಸ್ತಿ ಅಂತ ಇಟ್ಟು ಅದೇ 60 ತಿಂಗಳಿಗೆ 2,000ದಂತೆ ಖರ್ಚು ಹಾಕ್ಬೇಕು. ಆದಾಯ ಮುಂದಕ್ಕೆ ಹಾಕಿ ಕಮಿಷನ್ ಮಾತ್ರ ಮೊದಲ ವರ್ಷವೇ ಖರ್ಚಿಗೆ ಹಾಕಿದ್ರೆ ಲಾಭ ಇರೋ ಔಟ್‌ಲೆಟ್ಟೂ ನಷ್ಟದಲ್ಲಿ ಕಾಣತ್ತೆ.

ಹಂತ 5: ರಾಯಲ್ಟಿ, ಸೇಲ್ ಆದ ತಿಂಗಳಲ್ಲೇ

ರಾಯಲ್ಟಿ ಎಷ್ಟು ಬರಬಹುದು ಅಂತ ಅಂದಾಜು ಮಾಡಿ ಐದು ವರ್ಷಕ್ಕೆ ಹಂಚೋ ಕೆಲಸ ಬೇಡ. ಬ್ರ್ಯಾಂಡ್ ಹಕ್ಕಿನ ರಾಯಲ್ಟಿ ಸೇಲ್ ಮೇಲೆ ನಿಂತಿದ್ರೆ, ಫ್ರಾಂಚೈಸಿಯ ಸೇಲ್ ಆದಾಗಲೇ ನಿಮ್ಮ ಆದಾಯ ಅಂತ ಸ್ಟ್ಯಾಂಡರ್ಡ್ ವಿಶೇಷ ನಿಯಮ ಕೊಟ್ಟಿದೆ.

ನಮ್ಮ ಔಟ್‌ಲೆಟ್‌ನ ಅಕ್ಟೋಬರ್ ಸೇಲ್ 4,80,000, ರಾಯಲ್ಟಿ 24,000. ಅಕ್ಟೋಬರ್‌ನಿಂದ ಫೆಬ್ರವರಿ ತನಕ ಐದು ತಿಂಗಳ ಸೇಲ್ 27,10,000, ರಾಯಲ್ಟಿ 1,35,500. ಮಾರ್ಚ್ ಸೇಲ್ 6,40,000, ರಾಯಲ್ಟಿ 32,000, ಆದ್ರೆ ಇದರ ಇನ್‌ವಾಯ್ಸ್ ಹೋಗೋದು ಏಪ್ರಿಲ್ ಮೊದಲ ವಾರ. ಇಲ್ಲೇ ತುಂಬಾ ಜನ ಜಾರೋದು, ಇನ್‌ವಾಯ್ಸ್ ತಾರೀಖು ನೋಡಿ ಮಾರ್ಚ್ ರಾಯಲ್ಟಿನ ಮುಂದಿನ ವರ್ಷಕ್ಕೆ ತಳ್ಳಿಬಿಡ್ತಾರೆ. ಸೇಲ್ ಆಗಿದ್ದು ಮಾರ್ಚ್‌ನಲ್ಲಿ, ಆದಾಯವೂ ಮಾರ್ಚ್‌ನದ್ದೇ. ಮಾರ್ಚ್ 31ಕ್ಕೆ ಅನ್‌ಬಿಲ್ಡ್ ರಿಸೀವಬಲ್ ಡೆಬಿಟ್ 32,000, ರಾಯಲ್ಟಿ ಆದಾಯ ಕ್ರೆಡಿಟ್ 32,000, ಏಪ್ರಿಲ್‌ನಲ್ಲಿ ಇನ್‌ವಾಯ್ಸ್ ಆದಾಗ ಜಿಎಸ್‌ಟಿ ಸೇರಿಸಿ ಪಾರ್ಟಿ ಖಾತೆಗೆ ತಿರುಗಿಸಿ.

ಹೀಗೆ ಮಾಡಿದ್ರೆ ಮೊದಲ ವರ್ಷ ಈ ಔಟ್‌ಲೆಟ್‌ನಿಂದ ಒಟ್ಟು ಆದಾಯ: ಮಷೀನ್ 3,00,000, ಫೀ 90,000, ರಾಯಲ್ಟಿ 1,67,500, ಒಟ್ಟು 5,57,500. ದುಡ್ಡು ಬಂದಂಗೆ, ಬಿಲ್ ಹಾಕಿದಂಗೆ ಬರೆದಿದ್ರೆ 12,00,000 ಮತ್ತು 1,35,500 ಸೇರಿ 13,35,500 ಆಗ್ತಿತ್ತು. ವ್ಯತ್ಯಾಸ ಇಷ್ಟು ದೊಡ್ಡದು ಅಂತ ಅಂಕಿ ಪಕ್ಕಪಕ್ಕ ಇಟ್ಟಾಗಲೇ ಗೊತ್ತಾಗೋದು.

ಮಿನಿಮಮ್ ಗ್ಯಾರಂಟಿ ಇದ್ರೆ ಸ್ವಲ್ಪ ಬದಲಾಗತ್ತೆ. "5% ಅಥವಾ ತಿಂಗಳಿಗೆ 25,000, ಯಾವುದು ಜಾಸ್ತಿಯೋ ಅದು" ಅಂತಿದ್ರೆ ಆ 25,000 ಸೇಲ್ ಮೇಲೆ ನಿಂತಿಲ್ಲ, ಅದು ಗಟ್ಟಿ ಮೊತ್ತ, ಪ್ರತಿ ತಿಂಗಳೂ ಆದಾಯ. ಅಕ್ಟೋಬರ್‌ನ ಸೇಲ್ 24,000 ಮಾತ್ರ ಕೊಟ್ರೂ 25,000 ತೋರಿಸ್ಬೇಕು, ಮಾರ್ಚ್‌ನಲ್ಲಿ 25,000ದ ಮೇಲಿನ 7,000 ಸೇಲ್ ಆದಾಗ ಸೇರತ್ತೆ. ಗ್ಯಾರಂಟಿಯನ್ನ ವರ್ಷಕ್ಕೆ ಇಷ್ಟು ಅಂತ ಬರೆದಿದ್ರೆ ಲೆಕ್ಕ ಇಷ್ಟು ಸಲೀಸಲ್ಲ, ಪಾಲಿಸಿ ಏನು ಅಂತ ಆಡಿಟರ್ ಜೊತೆ ಮೊದಲೇ ಕೂತು ನಿರ್ಧಾರ ಮಾಡ್ಕೊಳ್ಳಿ.

ಈಗ ಸೇಲ್ ಅಂಕಿ ಸರಿ ಇದೆಯಾ ಅಂತ ಪರೀಕ್ಷೆ. ನೆಟ್ ಸೇಲ್ಸ್ ಅಂದ್ರೆ ಏನು ಅನ್ನೋದು ಅಗ್ರಿಮೆಂಟ್‌ನಲ್ಲಿ ಇರ್ಬೇಕು: ಜಿಎಸ್‌ಟಿ ಬಿಟ್ಟಾ, ಡಿಸ್ಕೌಂಟ್ ಕಳೆದಾ, ಸ್ವಿಗ್ಗಿ ಜೊಮ್ಯಾಟೋ ಕಮಿಷನ್ ಕಳೆಯೋ ಮುಂಚೆನಾ ಆಮೇಲಾ. ಫ್ರಾಂಚೈಸಿ ಕಳಿಸೋ ಬಿಲ್ಲಿಂಗ್ ಸಾಫ್ಟ್‌ವೇರ್ ರಿಪೋರ್ಟನ್ನ ಅವರ ಜಿಎಸ್‌ಟಿಆರ್-3ಬಿ ಜೊತೆ ಹೋಲಿಸೋ ಅಭ್ಯಾಸ ಒಳ್ಳೇದು, ಆದ್ರೆ ಅಲ್ಲಿ ಒಂದು ಸೂಕ್ಷ್ಮ ಇದೆ. 2022ರ ಜನವರಿ 1ರಿಂದ ಸ್ವಿಗ್ಗಿ ಜೊಮ್ಯಾಟೋ ಮೂಲಕ ಹೋದ ರೆಸ್ಟೋರೆಂಟ್ ಆರ್ಡರ್‌ಗೆ ಜಿಎಸ್‌ಟಿ ಕಟ್ಟೋದು ಆ ಆ್ಯಪ್ ಕಂಪನಿಗಳೇ. ಹಾಗಾಗಿ ಆ ಸೇಲ್ 3.1(ಎ)ನಲ್ಲಿ ಕಾಣಲ್ಲ, 3.1.1 ಟೇಬಲ್‌ನ ಎರಡನೇ ಸಾಲಲ್ಲಿ ಇರತ್ತೆ. ಮೇಲಿನದ್ದು ಮಾತ್ರ ನೋಡಿದ್ರೆ ಫ್ರಾಂಚೈಸಿ ಸುಳ್ಳು ಹೇಳ್ತಿದಾರೆ ಅಂತ ಅನ್ನಿಸ್ಬಹುದು, ಅಥವಾ ಅವರು ಆನ್‌ಲೈನ್ ಸೇಲ್ ಬಿಟ್ಟು ರಿಪೋರ್ಟ್ ಕೊಟ್ಟಿದ್ರೆ ಎರಡೂ ತಾಳೆ ಆಗಿ ನಿಮಗೆ ಗೊತ್ತೇ ಆಗ್ದೇ ರಾಯಲ್ಟಿ ಕಮ್ಮಿ ಬರ್ಬಹುದು. ಎರಡೂ ಸಾಲು ಕೂಡಿಸಿ ನೋಡಿ.

ಹಂತ 6: ಜಿಎಸ್‌ಟಿ, ಟಿಡಿಎಸ್, ಇನ್‌ಕಮ್ ಟ್ಯಾಕ್ಸ್ ತಮ್ಮ ದಾರಿ ತಮಗೆ

ಪುಸ್ತಕದಲ್ಲಿ ಆದಾಯ ಹಂಚಿದೀವಿ ಅಂತ ಜಿಎಸ್‌ಟಿನೂ ತಿಂಗಳಿಗೆ 15,000ದ ಮೇಲೆ ಕಟ್ಟೋಣ ಅಂದ್ರೆ ಆಗಲ್ಲ. ಸರ್ವೀಸ್‌ಗೆ ಇನ್‌ವಾಯ್ಸ್ ಅಥವಾ ದುಡ್ಡು, ಯಾವುದು ಮೊದಲೋ ಆಗಲೇ ಜಿಎಸ್‌ಟಿ ಹೊಣೆ ಬಂತು, ಹಾಗಾಗಿ 1,62,000 ಪೂರ್ತಿ ಆಗಸ್ಟ್ ತಿಂಗಳ ರಿಟರ್ನ್‌ನಲ್ಲಿ. ವರ್ಷದ ಕೊನೇಲಿ ಜಿಎಸ್‌ಟಿ ಟರ್ನೋವರ್ ಬೇರೆ, ಪುಸ್ತಕದ ಟರ್ನೋವರ್ ಬೇರೆ ಬರತ್ತೆ. ನಮ್ಮ ಕೇಸ್‌ನಲ್ಲಿ ಜಿಎಸ್‌ಟಿ ಕಡೆ 13,35,500, ಪುಸ್ತಕದಲ್ಲಿ 5,57,500. ವ್ಯತ್ಯಾಸ 7,78,000, ಅದು ಮುಂದಕ್ಕೆ ಹೋದ 8,10,000 ಮೈನಸ್ ಅನ್‌ಬಿಲ್ಡ್ 32,000. ಈ ಒಂದು ಸಾಲಿನ ರೀಕನ್ಸಿಲಿಯೇಷನ್ ಆವತ್ತೇ ಬರೆದಿಟ್ಕೊಳ್ಳಿ, ನೋಟಿಸ್ ಬಂದ ಮೇಲೆ ಹುಡುಕೋದು ಕಷ್ಟ.

ಟಿಡಿಎಸ್‌ನ ಪಾರ್ಟಿ ಪೂರ್ತಿ 9 ಲಕ್ಷದ ಮೇಲೆ ಮೊದಲ ವರ್ಷವೇ ಹಿಡೀತಾರೆ, 1961ರ ಕಾಯ್ದೆಯ 194ಜೆ ಪ್ರಕಾರ. (ಫ್ರಾಂಚೈಸಿ ಒಬ್ಬ ವ್ಯಕ್ತಿಯಾಗಿದ್ದು ಹಿಂದಿನ ವರ್ಷದ ಬಿಸಿನೆಸ್ ಟರ್ನೋವರ್ ಒಂದು ಕೋಟಿ ದಾಟಿಲ್ಲ ಅಂದ್ರೆ ಹಿಡಿಯೋ ಹೊಣೆ ಇಲ್ಲ, ಅವರನ್ನ ಪೀಡಿಸ್ಬೇಡಿ.) 26ಎಎಸ್‌ನಲ್ಲಿ 9 ಲಕ್ಷ ಕಾಣತ್ತೆ. ಇನ್‌ಕಮ್ ಟ್ಯಾಕ್ಸ್‌ನಲ್ಲೂ ನೀವು 90,000 ಮಾತ್ರ ಆದಾಯ ತೋರಿಸಿದ್ರೆ, ರೂಲ್ 37ಬಿಎ ಪ್ರಕಾರ ಟಿಡಿಎಸ್ ಕ್ರೆಡಿಟ್ಟೂ ಅದೇ ಅನುಪಾತದಲ್ಲಿ, ಅಂದ್ರೆ 90,000ದಲ್ಲಿ 9,000 ಮಾತ್ರ ಈ ವರ್ಷ, ಉಳಿದ 81,000 ಮುಂದಕ್ಕೆ. ಪೂರ್ತಿ ಕ್ಲೇಮ್ ಮಾಡಿ ಆದಾಯ ಹತ್ತನೇ ಒಂದು ಭಾಗ ತೋರಿಸಿದ್ರೆ ಮಿಸ್‌ಮ್ಯಾಚ್ ನೋಟಿಸ್ ಬರೋ ಸಂಭವ ಜಾಸ್ತಿ.

ಟ್ಯಾಕ್ಸ್‌ನಲ್ಲಿ ಹಂಚ್ಬಹುದಾ ಅನ್ನೋದೇ ಬೇರೆ ವಾದ. ವಾಪಸ್ ಕೊಡಬೇಕಾಗಿಲ್ಲದ ದುಡ್ಡು ಬಂದ ವರ್ಷವೇ ಆದಾಯ ಅಂತ ಇಲಾಖೆ ವಾದಿಸ್ಬಹುದು. ಟೈಮ್‌ಶೇರ್ ಮೆಂಬರ್‌ಶಿಪ್ ಫೀ ವಿಷಯದಲ್ಲಿ ಮಹೀಂದ್ರ ಹಾಲಿಡೇಸ್ ಕೇಸ್‌ನಲ್ಲಿ 2010ರಲ್ಲಿ ಚೆನ್ನೈ ಐಟಿಎಟಿ ಸ್ಪೆಷಲ್ ಬೆಂಚ್, ಮುಂದೆ ಸೇವೆ ಕೊಡೋ ಹೊಣೆ ಇರೋದ್ರಿಂದ ಪೂರ್ತಿ ಫೀಯನ್ನ ಬಂದ ವರ್ಷವೇ ತೆರಿಗೆಗೆ ಹಾಕೋ ಹಾಗಿಲ್ಲ ಅಂತ ಹೇಳಿತು. ಅದು ಫ್ರಾಂಚೈಸಿ ಕೇಸ್ ಅಲ್ಲ, ಆದ್ರೆ ತರ್ಕ ಹತ್ತಿರದ್ದು. ಅದನ್ನ ನೆಚ್ಕೋಬೇಕು ಅಂದ್ರೆ ಅವಧಿ ಉದ್ದಕ್ಕೂ ನೀವು ಏನೇನು ಮಾಡ್ತೀರ, ಎಷ್ಟು ಸಲ ಇನ್‌ಸ್ಪೆಕ್ಷನ್, ವರ್ಷಕ್ಕೆ ಎಷ್ಟು ರಿಫ್ರೆಶರ್ ಟ್ರೈನಿಂಗ್, ಇದೆಲ್ಲಾ ಅಗ್ರಿಮೆಂಟ್‌ನಲ್ಲಿ ಅಕ್ಷರದಲ್ಲಿ ಇರ್ಬೇಕು. ಜಗಳ ಬೇಡ ಅಂತ ಮೊದಲ ವರ್ಷವೇ ಪೂರ್ತಿ ತೆರಿಗೆ ಕಟ್ಟೋರೂ ಇದಾರೆ. ಆಗ ಟಿಡಿಎಸ್ ಪೂರ್ತಿ ಈ ವರ್ಷ ಸಿಗತ್ತೆ, ಮತ್ತೆ ಪುಸ್ತಕದಲ್ಲಿ ಮುಂದಕ್ಕೆ ಹೋದ 8,10,000ದ ಮೇಲೆ ಡಿಫರ್ಡ್ ಟ್ಯಾಕ್ಸ್ ಅಸೆಟ್ ಬರತ್ತೆ, ಅಂದ್ರೆ ಮುಂದಿನ ವರ್ಷಗಳ ತೆರಿಗೆ ಈಗಲೇ ಕಟ್ಟಿದೀವಿ ಅನ್ನೋ ಆಸ್ತಿ. 25.168% ದರದಲ್ಲಿ ಇರೋ ಕಂಪನಿಗೆ ಅದು 2,03,861 ರೂಪಾಯಿ.

ಹಂತ 7: ಅವಧಿ ಮುಗಿಯೋ ಮುಂಚೆ ಅಂಗಡಿ ಮುಚ್ಚಿದ್ರೆ

ದಾವಣಗೆರೆ ಔಟ್‌ಲೆಟ್ 2027ರ ಮಾರ್ಚ್ 31ಕ್ಕೆ ಮುಚ್ಚಿ ಅಗ್ರಿಮೆಂಟ್ ರದ್ದಾಯ್ತು ಅಂದ್ಕೊಳ್ಳಿ. ಆಗ 30 ತಿಂಗಳಾಗಿರತ್ತೆ, 4,50,000 ಆದಾಯ ತೋರಿಸಿಯಾಗಿದೆ, 4,50,000 ಲಯಬಿಲಿಟಿನಲ್ಲಿ ಉಳಿದಿದೆ. ವಾಪಸ್ ಕೊಡ್ಬೇಕಾಗಿಲ್ಲ, ನಿಮ್ಮ ಕಡೆಯಿಂದ ಇನ್ನೇನೂ ಬಾಕಿ ಇಲ್ಲ ಅಂದ್ರೆ ಆ 4,50,000 ರದ್ದಾದ ದಿನ ಒಂದೇ ಸಲ ಆದಾಯ. ಏಜೆಂಟ್ ಕಮಿಷನ್‌ನಲ್ಲಿ ಉಳಿದ 60,000 ಕೂಡ ಆವತ್ತೇ ಖರ್ಚು.

ಆದ್ರೆ ರದ್ದಾದ ದಿನ ಅಂದ್ರೆ ಕಾಗದದ ಮೇಲೆ ರದ್ದಾದ ದಿನ. ಫೆಬ್ರವರಿನಲ್ಲಿ ಶಟರ್ ಎಳೆದಿದಾರೆ, ಫೋನ್ ಎತ್ತುತಿಲ್ಲ, ಇನ್ನು ಬರಲ್ಲ ಬಿಡಿ ಅಂತ ಮಾರ್ಚ್‌ನಲ್ಲೇ ಆದಾಯ ತಗೊಳ್ಳೋಕೆ ಹೋಗ್ಬೇಡಿ. ಅಗ್ರಿಮೆಂಟ್ ಜೀವಂತ ಇರೋ ತನಕ ಅವರು ನಾಳೆ ಬಂದು ಬಾಗಿಲು ತೆಗೆದ್ರೆ ನೀವು ಬ್ರ್ಯಾಂಡ್ ಕೊಡ್ಲೇಬೇಕು, ಹಾಗಾಗಿ ತಿಂಗಳಿಗೆ 15,000 ಅಷ್ಟೇ. ಟರ್ಮಿನೇಷನ್ ಲೆಟರ್‌ನ ಪ್ರತಿ, ನೋಟಿಸ್ ಅವಧಿ ಮುಗಿದ ತಾರೀಖು, ಎರಡೂ ಕಡೆ ಯಾವ ಬಾಕಿನೂ ಇಲ್ಲ ಅನ್ನೋ ಸೆಟಲ್‌ಮೆಂಟ್ ಪತ್ರ, ಈ ಮೂರು ಫೈಲ್‌ನಲ್ಲಿ ಸೇರಿದ ಮೇಲೆ ಉಳಿದದ್ದನ್ನ ಆದಾಯಕ್ಕೆ ತಿರುಗಿಸಿ. ಸೆಟಲ್‌ಮೆಂಟ್‌ನಲ್ಲಿ ಉಳಿದ ಅವಧಿಗೆ ಒಂದೂವರೆ ಲಕ್ಷ ವಾಪಸ್ ಕೊಡ್ತೀವಿ ಅಂತ ಒಪ್ಪಿದ್ರೆ ಅಷ್ಟು ಫ್ರಾಂಚೈಸಿಗೆ ಕೊಡ್ಬೇಕಾದ ಸಾಲವಾಗಿ ನಿಲ್ಲತ್ತೆ, 3,00,000 ಮಾತ್ರ ಆದಾಯ.